ಸಾಲ ತೀರಿತು, ದಾಖಲೆ ಇನ್ನೂ ತೀರಿಲ್ಲ: ಜೂಜಿನ ಸಾಲದ ನಂತರದ ಹದಿನೆಂಟು ತಿಂಗಳು

ಏಪ್ರಿಲ್ ತಿಂಗಳ ಒಂದು ಭಾನುವಾರ ನನ್ನ ಚಿಕ್ಕಮ್ಮನ ಮಗ ರಾಜಾಜಿನಗರದ ನಮ್ಮ ಮನೆಗೆ ಬಂದ. ಕೈಯಲ್ಲಿ ಬಟ್ಟೆ ಅಂಗಡಿಯ ಒಂದು ಚೀಲ, ಅದರ ತುಂಬ ಕಾಗದ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಯಂತ್ರ ನಡೆಸುವವನು, ದಾಸರಹಳ್ಳಿಯಲ್ಲಿ ಬಾಡಿಗೆ ಮನೆ. ಮೊಬೈಲ್ ರಮ್ಮಿ ಮತ್ತು ಕ್ರಿಕೆಟ್ ಬೆಟ್ಟಿಂಗ್‌ನಲ್ಲಿ ಐದು ಲಕ್ಷಕ್ಕೂ ಮೀರಿ ಸಾಲ ಮಾಡಿಕೊಂಡು, ಕುಣಿಗಲ್ ಬಳಿಯ ಹತ್ತು ಗುಂಟೆ ಪಾಲನ್ನೂ ಹೆಂಡತಿಯ ನಾಲ್ಕು ಬಳೆಗಳನ್ನೂ ಮಾರಿ ಅದನ್ನು ತೀರಿಸಿದ್ದ. “ಅಣ್ಣಾ, ಯಾರಿಗೂ ಒಂದು ರೂಪಾಯಿ ಬಾಕಿ ಇಲ್ಲ. ಆದರೂ ಫ್ರಿಜ್‌ಗೆ ಕಂತಿನ ಸಾಲ ಕೊಡುವುದಿಲ್ಲ ಎಂದುಬಿಟ್ಟರು” ಎಂದ. ಅಂಗಡಿಯವರ ಮೇಲೆ ಅವನಿಗೆ ಕೋಪ ಬಂದಿತ್ತು. ಹೆಂಡತಿಯ ಎದುರು ಹಾಗಾಯಿತಲ್ಲ ಎಂಬ ಸಂಕಟ ಅದಕ್ಕಿಂತ ಹೆಚ್ಚಾಗಿತ್ತು.

ನಾನು ಬ್ಯಾಂಕೊಂದರ ಸಾಲ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಅವನ ಚೀಲವನ್ನು ಊಟದ ಮೇಜಿನ ಮೇಲೆ ಸುರಿದು ನೋಡಿದಾಗ ಕಂಡದ್ದು ನನಗೆ ಹೊಸದೇನಲ್ಲ. ಸಾಲ ತೀರುವುದು ಒಂದು ಕೆಲಸ. ತೀರಿದೆ ಎಂದು ದಾಖಲೆಯಲ್ಲಿ ಬರೆಯಿಸುವುದು ಇನ್ನೊಂದು ಕೆಲಸ. ಎರಡನೆಯದನ್ನು ಯಾರೂ ತಾವಾಗಿ ಮಾಡಿಕೊಡುವುದಿಲ್ಲ. ಜೂಜಿನಿಂದ ಹೊರಬಂದವರಿಗೆ ಇದರಲ್ಲಿ ಒಂದು ವಿಶೇಷ ಅಪಾಯವೂ ಇದೆ. ಸಾಲ ತೀರಿಸುವ ನಡವಳಿಕೆಗೆ ದಾಖಲೆಯಲ್ಲಿ ಸಿಗುವ ಅಂಕ ಏರಿದಂತೆ ಸಾಲ ಸಲೀಸಾಗಿ ಸಿಗತೊಡಗುತ್ತದೆ, ಸಲೀಸಾದ ಸಾಲವೇ ಹಿಂದೆ ಅವರನ್ನು ಮುಳುಗಿಸಿದ್ದು. ಆದ್ದರಿಂದ ಕೆಲಸದ ಅನುಕ್ರಮ ಬಹಳ ಮುಖ್ಯ. ಮೊದಲು ಕಾಗದ, ಅದರ ಜೊತೆಗೇ ಸಂಬಳದ ಹಣ ಹರಿಯುವ ದಾರಿ, ಆರು ತಿಂಗಳು ಕಳೆದ ಮೇಲಷ್ಟೇ ಹೊಸ ಸಾಲದ ಮಾತು. ನನ್ನ ತಮ್ಮನ ವಿಷಯದಲ್ಲಿ ನಾವು ನಡೆದುಕೊಂಡ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಒಂದು ವಿಚಾರ. ಆಡಬೇಕೆಂಬ ಸೆಳೆತ ಇನ್ನೂ ಇದ್ದರೆ ಕೆಳಗಿನ ಯಾವ ಹೆಜ್ಜೆಯೂ ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗವೂ, ಮೊಬೈಲ್ ಮತ್ತು ಆನ್‌ಲೈನ್ ಆಟದ ಗೀಳಿಗಾಗಿಯೇ ಇರುವ ‘ಶಟ್’ ಕ್ಲಿನಿಕ್ಕೂ ಇವೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ನನ್ನ ತಮ್ಮ ಚಿಕಿತ್ಸೆಗೆ ಹೋಗುತ್ತಿದ್ದ. ಅದಕ್ಕೇ ನಾನು ಅವನ ಕಾಗದಗಳಿಗೆ ಕೈ ಹಾಕಿದೆ.

ಮೊದಲ ತಿಂಗಳು: ನಾಲ್ಕು ವರದಿ, ಒಂದು ನೋಟ್‌ಬುಕ್

ನಮ್ಮಲ್ಲಿ ಸಾಲದ ದಾಖಲೆ ಇಡುವ ಸಂಸ್ಥೆಗಳು ನಾಲ್ಕು: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈಮಾರ್ಕ್. ಜನ ಎಲ್ಲವನ್ನೂ ‘ಸಿಬಿಲ್’ ಎಂದೇ ಕರೆಯುತ್ತಾರೆ. ಆದರೆ ನಿಮ್ಮ ಆ್ಯಪ್ ಸಾಲ ಒಂದರಲ್ಲಿ ಸರಿಯಾಗಿದ್ದು ಇನ್ನೊಂದರಲ್ಲಿ ತಪ್ಪಾಗಿರಬಹುದು. ರಿಸರ್ವ್ ಬ್ಯಾಂಕಿನ ನಿಯಮದಂತೆ ಪ್ರತಿಯೊಂದು ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಅವರವರ ಜಾಲತಾಣದಲ್ಲೇ ಪಡೆಯಿರಿ. ‘ಉಚಿತ ಅಂಕ’ ತೋರಿಸುವ ಬೇರೆ ಆ್ಯಪ್‌ಗಳಿಗೆ ಹೋದರೆ ಮರುದಿನದಿಂದಲೇ ಸಾಲ ಬೇಕೇ ಎಂಬ ಕರೆಗಳು ಶುರುವಾಗುತ್ತವೆ. ನಿಮ್ಮ ವರದಿಯನ್ನು ನೀವೇ ನೋಡಿಕೊಂಡರೆ ಅಂಕ ಇಳಿಯುವುದಿಲ್ಲ. ಇಳಿಸುವುದು ಸಾಲಕ್ಕೆ ಹಾಕುವ ಅರ್ಜಿ.

ಅಂಕ 300ರಿಂದ 900ರವರೆಗೆ ಇರುತ್ತದೆ. ತಮ್ಮನದು 574 ಇತ್ತು. ಆ ಸಂಖ್ಯೆಯನ್ನು ಅವನು ನೋಡುತ್ತಲೇ ಕುಳಿತಾಗ ಪುಟ ತಿರುಗಿಸು ಎಂದೆ. ನೋಡಬೇಕಾದದ್ದು ಒಳಗಿನ ಪುಟಗಳಲ್ಲಿ ಇರುತ್ತದೆ. ಪ್ರತಿ ಸಾಲಕ್ಕೂ ಒಂದು ಸ್ಥಿತಿ ಬರೆದಿರುತ್ತದೆ. `Closed` ಎಂದಿದ್ದರೆ ಪೂರ್ತಿ ಕಟ್ಟಿ ಮುಚ್ಚಿದ್ದು. `Settled` ಎಂದಿದ್ದರೆ ಬ್ಯಾಂಕು ಒಂದು ಭಾಗವನ್ನು ಬಿಟ್ಟುಕೊಟ್ಟು ಉಳಿದದ್ದನ್ನು ತೆಗೆದುಕೊಂಡಿದೆ. ನಿಮ್ಮ ದೃಷ್ಟಿಯಲ್ಲಿ ಅದು ತೀರಿದ ಸಾಲ, ಮುಂದೆ ಸಾಲ ಕೊಡುವವನ ದೃಷ್ಟಿಯಲ್ಲಿ ನಷ್ಟ ಮಾಡಿಸಿದ ಸಾಲ. `Written-off` ಎಂದಿದ್ದರೆ ಬ್ಯಾಂಕು ಅದನ್ನು ಬಾರದ ಸಾಲವೆಂದು ಲೆಕ್ಕದಿಂದ ತೆಗೆದಿದೆ, ನಿಮ್ಮ ಹೊಣೆಯಂತೂ ತಪ್ಪಿಲ್ಲ. ಅದರ ಕೆಳಗೆ ತಿಂಗಳ ಮನೆಗಳಿರುವ ಒಂದು ಪಟ್ಟಿ ಇರುತ್ತದೆ, ಮೂವತ್ತಾರು ತಿಂಗಳವರೆಗಿನದು. `000` ಅಥವಾ `STD` ಎಂದರೆ ಕಂತು ಸರಿಯಾಗಿ ಬಂದಿದೆ. 30, 60, 90 ಎಂದಿದ್ದರೆ ಅಷ್ಟು ದಿನ ತಡವಾಗಿದೆ.

ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಸಾಲಕ್ಕೊಂದು ಪುಟ ಮಾಡಿದೆವು. ಎಡಗಡೆ ಅವನು ಹೇಳುವುದು, ಬಲಗಡೆ ವರದಿ ಹೇಳುವುದು. ಮೂರು ಲಕ್ಷದ ವೈಯಕ್ತಿಕ ಸಾಲ ಎರಡೂ ಕಡೆ ಒಂದೇ ಆಗಿತ್ತು, `Closed`. ಮೂರು ಆ್ಯಪ್ ಸಾಲಗಳಲ್ಲಿ ಎರಡು ಸರಿ. ಒಂದು ಇನ್ನೂ ಜೀವಂತ, 3,700 ರೂಪಾಯಿ ಬಾಕಿ, ತಿಂಗಳಿಂದ ತಿಂಗಳಿಗೆ 60, 90, 120 ಎಂದು ಏರುತ್ತಿತ್ತು. 92,000 ರೂಪಾಯಿ ಬಾಕಿಯಿದ್ದ ಕ್ರೆಡಿಟ್ ಕಾರ್ಡನ್ನು 55,000ಕ್ಕೆ ಇತ್ಯರ್ಥ ಮಾಡಿಕೊಂಡಿದ್ದ. ಅಲ್ಲಿ `Settled`. ಒಬ್ಬನಿಂದ ತಂದಿದ್ದ ಮೀಟರ್ ಬಡ್ಡಿಯ ಸಾಲ ಯಾವ ವರದಿಯಲ್ಲೂ ಇಲ್ಲ, ಇರುವುದೂ ಇಲ್ಲ.

ಇಲ್ಲಿ ಬಹಳ ಜನ ತಡವರಿಸುವ ಒಂದು ವಿಷಯವಿದೆ. ವರದಿಯಲ್ಲಿ ಆ್ಯಪಿನ ಹೆಸರು ಇರುವುದಿಲ್ಲ. ಆ್ಯಪಿನ ಹಿಂದೆ ನಿಂತು ಹಣ ಕೊಟ್ಟ ಹಣಕಾಸು ಕಂಪನಿಯ ಹೆಸರು ಇರುತ್ತದೆ. “ಈ ಹೆಸರನ್ನು ನಾನು ಕೇಳಿಯೇ ಇಲ್ಲ” ಎಂದು ತಕ್ಷಣ ವಂಚನೆಯ ದೂರು ಕೊಡಬೇಡಿ. ಸಾಲ ಮಂಜೂರಾದ ದಿನದ ಎಸ್‌ಎಂಎಸ್, ಇ-ಮೇಲ್ ಮತ್ತು ಕರಾರು ಪತ್ರದಲ್ಲಿ ಆ ಕಂಪನಿಯ ಹೆಸರು ಇರುತ್ತದೆ. ಮೊತ್ತ ಮತ್ತು ದಿನಾಂಕ ಹೋಲಿಸಿ ನೋಡಿ.

ಎರಡು ಮತ್ತು ಮೂರನೆಯ ತಿಂಗಳು: ತಪ್ಪು ತಿದ್ದಿಸುವುದು

ಆ 3,700 ರೂಪಾಯಿಯ ಕಥೆ ಹೀಗೆ. ಕೊನೆಯ ಕಂತನ್ನು ವಸೂಲಿಗೆ ಬಂದವನು ತನ್ನ ಸ್ವಂತ ಫೋನ್ ಸಂಖ್ಯೆಗೆ ಹಾಕಿಸಿಕೊಂಡಿದ್ದ. “ಕ್ಲೋಸ್ ಆಯಿತು” ಎಂದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಕಳುಹಿಸಿ ಕೈತೊಳೆದುಕೊಂಡಿದ್ದ. ಹಣ ಸಾಲದ ಖಾತೆಗೆ ಸೇರಲೇ ಇಲ್ಲ. ವಾಟ್ಸ್‌ಆ್ಯಪ್ ಸಂದೇಶ ಬಾಕಿರಹಿತ ಪತ್ರವಲ್ಲ. ಕಂಪನಿಯ ಹೆಸರು, ಸಾಲದ ಖಾತೆ ಸಂಖ್ಯೆ, ಮುಚ್ಚಿದ ದಿನಾಂಕ, ಬಾಕಿ ಇಲ್ಲ ಎಂಬ ಮಾತು ಮುದ್ರೆಯೊಂದಿಗೆ ಇರುವುದೇ ಬಾಕಿರಹಿತ ಪತ್ರ. ಪ್ರತಿ ಸಾಲಕ್ಕೂ ಅದು ನಿಮ್ಮ ಕಡತದಲ್ಲಿ ಇರಬೇಕು. ಸಾಲ ತೀರಿ ವರ್ಷವಾಗಿದ್ದರೂ ಕೇಳಿ ಪಡೆಯಿರಿ.

ನಾವು ಒಂದೇ ದಿನ ಎರಡು ಕಡೆ ದೂರು ಹಾಕಿದೆವು: ತಪ್ಪು ತೋರಿಸುತ್ತಿದ್ದ ದಾಖಲೆ ಸಂಸ್ಥೆಯ ಜಾಲತಾಣದಲ್ಲಿ ಮತ್ತು ಸಾಲ ಕೊಟ್ಟ ಕಂಪನಿಯ ಕುಂದುಕೊರತೆ ಅಧಿಕಾರಿಯ ಇ-ಮೇಲ್‌ಗೆ. ಇ-ಮೇಲ್‌ನಲ್ಲಿ ಉದ್ದದ ಕಥೆ ಬೇಡ, ಜೂಜಿನ ಮಾತು ಬೇಡವೇ ಬೇಡ. ಸಾಲದ ಖಾತೆ ಸಂಖ್ಯೆ, ಹಣ ಕಳುಹಿಸಿದ ದಿನಾಂಕ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿರುವ ವಹಿವಾಟು ಸಂಖ್ಯೆ, ಆ ವಸೂಲಿಗಾರ ಬಂದಿದ್ದ ದಿನದ ವಿವರ, ಇಷ್ಟು ಸಾಕು. ಕೊನೆಯಲ್ಲಿ ಎರಡು ಬೇಡಿಕೆಗಳನ್ನು ಬಿಡಿಬಿಡಿಯಾಗಿ ಬರೆಯಬೇಕು. ಒಂದು, ಸ್ಥಿತಿಯನ್ನು `Closed` ಮಾಡಬೇಕು. ಎರಡು, ಹಣ ಕಟ್ಟಿದ ದಿನದ ನಂತರ ತಿಂಗಳ ಮನೆಗಳಲ್ಲಿ ಬಿದ್ದ 60, 90, 120ನ್ನೂ ತೆಗೆಯಬೇಕು. ಎರಡನೆಯದನ್ನು ಕೇಳದಿದ್ದರೆ ಸ್ಥಿತಿ ಬದಲಾಗುತ್ತದೆ, ಕಲೆ ಹಾಗೆಯೇ ಉಳಿಯುತ್ತದೆ.

ಇಂಥ ದೂರಿಗೆ ಮೂವತ್ತು ದಿನಗಳ ಗಡುವಿದೆ. ಅದು ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ನಮ್ಮ ದೂರಿನಲ್ಲಿ ಆ ಆದೇಶವನ್ನು ಒಂದೇ ವಾಕ್ಯದಲ್ಲಿ ನೆನಪಿಸಿದ್ದೆವು. ಇಪ್ಪತ್ತನಾಲ್ಕನೆಯ ದಿನಕ್ಕೆ ಉತ್ತರ ಬಂತು, ಎರಡೂ ಬೇಡಿಕೆ ಒಪ್ಪಿದ್ದರು. ಮೂವತ್ತು ದಿನ ಕಳೆದರೂ ಉತ್ತರವೇ ಬಾರದಿದ್ದರೆ ಅಥವಾ ಬಂದ ಉತ್ತರದಿಂದ ಸಮಾಧಾನವಾಗದಿದ್ದರೆ, `cms.rbi.org.in` ತಾಣದಲ್ಲಿ ರಿಸರ್ವ್ ಬ್ಯಾಂಕಿನ ದೂರು ಪರಿಹಾರಾಧಿಕಾರಿಯಾದ ಒಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ಶುಲ್ಕವಿಲ್ಲ, ವಕೀಲರು ಬೇಡ. ಮಾಹಿತಿಗೆ 14448 ಇದೆ. ಮೊದಲು ಕಂಪನಿಗೆ ಬರೆದ ದೂರಿನ ಪ್ರತಿ ಇಲ್ಲದೆ ಅಲ್ಲಿ ದೂರು ನಿಲ್ಲುವುದಿಲ್ಲ.

ಸಾಲದ ಮಾಹಿತಿ ಈಗ ಹದಿನೈದು ದಿನಕ್ಕೊಮ್ಮೆಯಾದರೂ ದಾಖಲೆ ಸಂಸ್ಥೆಗಳಿಗೆ ಹೋಗಬೇಕೆಂಬ ನಿಯಮ 2025ರ ಜನವರಿಯಿಂದ ಇದೆ. ಹಾಗಾಗಿ ತಿದ್ದುಪಡಿ ಒಪ್ಪಿದ ಒಂದು ತಿಂಗಳೊಳಗೆ ವರದಿಯಲ್ಲಿ ಕಾಣದಿದ್ದರೆ ಮತ್ತೆ ಕೇಳಿ. ನಾಲ್ಕೂ ಕಡೆ ನೋಡಿ. ತಮ್ಮನ ಅಂಕ ಜೂನ್ ಕೊನೆಗೆ 609 ಆಗಿತ್ತು. ಬೇರೇನನ್ನೂ ಮಾಡದೆ, ಒಂದು ತಪ್ಪು ತಿದ್ದಿದ್ದರಿಂದ.

‘ಸಿಬಿಲ್ ಸರಿ ಮಾಡಿಕೊಡುತ್ತೇವೆ’ ಎಂಬ ಚೀಟಿಗಳು ನಮ್ಮ ವಿದ್ಯುತ್ ಕಂಬಗಳ ಮೇಲೂ ಫೇಸ್‌ಬುಕ್ಕಿನಲ್ಲೂ ಧಾರಾಳವಾಗಿ ಕಾಣುತ್ತವೆ. ಐದು, ಹತ್ತು ಸಾವಿರ ಕೇಳುತ್ತಾರೆ. ಸಾಲ ಕೊಟ್ಟವನು ಕಳುಹಿಸಿದ ಮಾಹಿತಿಯನ್ನು ಸಾಲ ಕೊಟ್ಟವನೇ ತಿದ್ದಬೇಕು; ನಡುವಿನವನಿಗೆ ಅಲ್ಲಿ ಕೈಯಾಡಿಸುವ ದಾರಿಯೇ ಇಲ್ಲ. ಸೋತ ಮನುಷ್ಯನಿಂದ ಮತ್ತೆ ಹಣ ಕೀಳುವ ಈ ದಂಧೆಯನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಇದೇ ತಿಂಗಳುಗಳಲ್ಲಿ ಮಾಡಬೇಕಾದ ಇನ್ನೂ ಎರಡು ಕೆಲಸಗಳಿವೆ. ಹಳೆಯ ಸಾಲಗಳಿಗೆ ಕೊಟ್ಟಿದ್ದ ತಾನಾಗಿ ಹಣ ಕಡಿತವಾಗುವ ಅನುಮತಿಗಳನ್ನು ರದ್ದುಮಾಡಿ. ಯುಪಿಐ ಆಟೋಪೇಯಲ್ಲಿ ಇರುವುದನ್ನು ಫೋನಿನಲ್ಲಿಯೇ ತೆಗೆಯಬಹುದು. ಖಾತೆಗೆ ನೇರವಾಗಿ ಕೊಟ್ಟ ಅನುಮತಿಗಳ ಪಟ್ಟಿಯನ್ನು ಬ್ಯಾಂಕ್ ಶಾಖೆಯಲ್ಲಿ ಕೇಳಿ. ಮುಚ್ಚಿದ ಸಾಲದ ಅನುಮತಿ ಉಳಿದುಬಿಟ್ಟರೆ ಕಂತಿನ ಕೋರಿಕೆ ಮತ್ತೆ ಬಂದು, ಖಾತೆಯಲ್ಲಿ ಹಣವಿಲ್ಲದೆ ಮರಳಿದ್ದಕ್ಕೆ ದಂಡ ಬೀಳಬಹುದು. ಇನ್ನೊಂದು, ಮೀಟರ್ ಬಡ್ಡಿಯವನಿಗೆ ಸಹಿ ಹಾಕಿ ಕೊಟ್ಟ ಖಾಲಿ ಚೆಕ್ಕು. ಮರಳಿ ಪಡೆಯಿರಿ. “ಕಳೆದುಹೋಗಿದೆ” ಎಂದರೆ ಆ ಚೆಕ್ ಸಂಖ್ಯೆಗೆ ಪಾವತಿ ತಡೆ ಹಾಕಿಸಿ, ಸಾಲ ತೀರಿದೆ ಎಂದು ಸಾಕ್ಷಿಯೊಂದಿಗೆ ಬರೆಸಿಕೊಳ್ಳಿ. ದಿನಾಂಕ ಬರೆಯದ ಚೆಕ್ಕಿಗೆ ಅವನು ಯಾವಾಗ ಬೇಕಾದರೂ ದಿನಾಂಕ ಹಾಕಿಕೊಳ್ಳಬಲ್ಲ. ಬೆದರಿಕೆ ಬಂದರೆ ಪೊಲೀಸ್ ಠಾಣೆಗೆ ಹೋಗಲು ಹಿಂಜರಿಯಬೇಡಿ. ವಿಪರೀತ ಬಡ್ಡಿ ವಸೂಲಿಯನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ 2004ರಿಂದಲೇ ಇದೆ.

ಅದೇ ಹೊತ್ತಿಗೆ: ಸಂಬಳದ ದಿನವನ್ನು ಹಿಡಿಯುವುದು

ಜೂಜಾಡಿದವನಿಗೆ ತಿಂಗಳ ಅತ್ಯಂತ ಅಪಾಯದ ಹೊತ್ತು ಸಂಬಳ ಬಂದ ಎಸ್‌ಎಂಎಸ್‌ನ ನಂತರದ ಕೆಲವು ಗಂಟೆಗಳು. ತಮ್ಮನೇ ಹೇಳಿದ್ದು: “ಖಾತೆಯಲ್ಲಿ ಮೂವತ್ತೆಂಟು ಸಾವಿರ ಕಂಡರೆ ಸಾಕು ಅಣ್ಣಾ, ಕೈ ತುರಿಸುತ್ತದೆ. ಮೂರು ಸಾವಿರ ಇದ್ದರೆ ಏನೂ ಅನಿಸುವುದಿಲ್ಲ.” ಆ ಮಾತನ್ನೇ ಹಿಡಿದು ನಾವು ಹಣದ ದಾರಿ ಕಟ್ಟಿದೆವು. ದೊಡ್ಡ ಮೊತ್ತ ಅವನ ಫೋನಿನಲ್ಲಿ ಕಾಣಿಸಲೇಬಾರದು.

ಸಂಬಳದ ಖಾತೆಯನ್ನು ಎಲ್ಲ ಯುಪಿಐ ಆ್ಯಪ್‌ಗಳಿಂದಲೂ ತೆಗೆದೆವು. ಸಂಬಳ ಒಂದನೆಯ ತಾರೀಕಿನ ಒಳಗೆ ಬರುತ್ತದೆ. ಎರಡನೆಯ ತಾರೀಕಿಗೆ 32,300 ರೂಪಾಯಿ ಹೆಂಡತಿಯ ಖಾತೆಗೆ ತಾನಾಗಿ ಹೋಗುವಂತೆ ಶಾಖೆಯಲ್ಲಿ ಬರೆದುಕೊಟ್ಟೆವು; ಅದರಲ್ಲಿ ಬಾಡಿಗೆ 9,500, ದಿನಸಿ ಮತ್ತು ಹಾಲು 8,000, ಮಗನ ಶಾಲೆ 3,500, ವಿದ್ಯುತ್, ಗ್ಯಾಸ್ ಮತ್ತು ಫೋನ್ 2,000, ಓಡಾಟ 1,800, ಅಮ್ಮನ ಔಷಧ 1,500, ತುರ್ತು ಹಣ 2,000. ಉಳಿದ 4,000 ಆಕೆಯ ಬಳೆಗಳ ಹೆಸರಿನಲ್ಲಿ. ಈ ಕೊನೆಯ ಸಾಲು ಬೇಕೇ ಬೇಕು ಎಂದು ಹಟ ಹಿಡಿದವನು ತಮ್ಮ. ಬ್ಯಾಂಕಿನ ಸಾಲದ ಪಟ್ಟಿಯಲ್ಲಿ ಇಲ್ಲದಿದ್ದರೂ ಅದೂ ಸಾಲವೇ ಎಂದ. ನನಗೆ ಅವನ ಮೇಲೆ ನಂಬಿಕೆ ಮೂಡಿದ್ದು ಆಗ.

ಇನ್ನೊಂದು 3,000 ಸಂಬಳದ ಖಾತೆಯಿಂದಲೇ ಒಂದು ವರ್ಷದ ಆರ್‌ಡಿಗೆ ಹೋಗುತ್ತದೆ. ಅದು ಯಾತಕ್ಕೆಂದು ಮುಂದೆ ಹೇಳುತ್ತೇನೆ. ಉಳಿಯುವುದು 2,700. ಅದನ್ನು ಅವನ ಬೇರೊಂದು ಸಣ್ಣ ಖಾತೆಗೆ ವಾರಕ್ಕೆ 675ರಂತೆ ನಾಲ್ಕು ಸಲ ಕಳುಹಿಸುವಂತೆ ಮಾಡಿದೆವು. ಫೋನಿನ ಯುಪಿಐ ಅದಕ್ಕೆ ಮಾತ್ರ. ಚಹಾ, ಇಡ್ಲಿ, ಕ್ಷೌರ, ಗೆಳೆಯರು, ಎಲ್ಲವೂ ಅದರೊಳಗೆ.

ತುರ್ತು ಹಣ ಕೂಡಿದಂತೆ ಅದನ್ನು ಗಂಡ ಹೆಂಡತಿ ಇಬ್ಬರ ಜಂಟಿ ಖಾತೆಗೆ ಹಾಕಿ. ಜಂಟಿ ಖಾತೆ ತೆರೆಯುವಾಗ ‘ಇಬ್ಬರಲ್ಲಿ ಯಾರಾದರೂ’ ಎಂಬ ಬಗೆ ಬೇಡ, ‘ಇಬ್ಬರೂ ಸೇರಿ’ ಎಂಬ ಬಗೆ ಕೇಳಿ. ಆಗ ಹಣ ತೆಗೆಯಲು ಎರಡು ಸಹಿ ಬೇಕು. ಶಾಖೆಗೆ ಹೋಗುವಷ್ಟರಲ್ಲಿ ಸೆಳೆತದ ಗಂಟೆ ಕಳೆದಿರುತ್ತದೆ. ಡೆಬಿಟ್ ಕಾರ್ಡ್‌ಗಳಲ್ಲಿ ಆನ್‌ಲೈನ್ ಮತ್ತು ವಿದೇಶಿ ವಹಿವಾಟನ್ನು ನಿಲ್ಲಿಸುವ, ದಿನದ ಮಿತಿ ಇಳಿಸುವ ಸೌಲಭ್ಯ ಪ್ರತಿ ಬ್ಯಾಂಕಿನಲ್ಲೂ ಇದೆ, ಬಳಸಿಕೊಳ್ಳಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರದ 2025ರ ಕಾಯ್ದೆ ನಿಷೇಧಿಸಿದೆ, ನಿಜ. ಆದರೆ ಹೊರದೇಶದ ಬೆಟ್ಟಿಂಗ್ ತಾಣಗಳು ಬೇರೆಯವರ ಖಾತೆಗಳ ಮೂಲಕ ಹಣ ಎಳೆಯುತ್ತಲೇ ಇವೆ. ಕಾನೂನು ಇದೆಯೆಂದು ಈ ಬೀಗಗಳನ್ನು ಸಡಿಲಿಸಬೇಡಿ.

ಪ್ರತಿ ತಿಂಗಳ ಮೊದಲ ಭಾನುವಾರ ಗಂಡ ಹೆಂಡತಿ ಅರ್ಧ ಗಂಟೆ ಕೂರಬೇಕು. ಮೂರೂ ಖಾತೆಗಳ ಸ್ಟೇಟ್‌ಮೆಂಟು, ನೋಟ್‌ಬುಕ್, ಒಂದು ಪೆನ್ನು. ಏನು ಹುಡುಕಬೇಕು? ಗೊತ್ತಿಲ್ಲದ ಹೆಸರಿಗೆ ಹೋದ 200, 500, 1,000ದಂಥ ದುಂಡು ಮೊತ್ತಗಳು, ಒಂದೇ ರಾತ್ರಿ ಎರಡು ಮೂರು ಸಲ ಹೋದದ್ದು, ಗೆಳೆಯನಿಂದ ಬಂದು ಅದೇ ದಿನ ಹೊರಟ ಹಣ. ಬೆಟ್ಟಿಂಗ್ ಮೊದಲು ಹೀಗೆಯೇ ಕಾಣಿಸಿಕೊಳ್ಳುತ್ತದೆ. ಅಲ್ಲಿ ಜಗಳ ಬೇಡ, ಪ್ರಶ್ನೆ ಬೇಕು.

ಏಳನೆಯ ತಿಂಗಳು: ಠೇವಣಿಯ ಮೇಲಿನ ಕಾರ್ಡ್

ಬಾಡಿಗೆಯನ್ನೂ ಬೆಸ್ಕಾಂ ಬಿಲ್ಲನ್ನೂ ಎಷ್ಟೇ ಸರಿಯಾಗಿ ಕಟ್ಟಿದರೂ, ಚೀಟಿಯನ್ನು ಒಂದು ದಿನವೂ ತಪ್ಪಿಸದೆ ಹಾಕಿದರೂ ಸಾಮಾನ್ಯವಾಗಿ ಅಂಕ ಏರುವುದಿಲ್ಲ. ಅವು ಸಾಲದ ದಾಖಲೆಗೆ ಹೋಗುವುದಿಲ್ಲ. ದಾಖಲೆ ಸುಧಾರಿಸಬೇಕಾದರೆ ಒಂದು ಸಣ್ಣ ಸಾಲದ ಖಾತೆ ತೆರೆದು ಅದನ್ನು ಶುದ್ಧವಾಗಿ ನಡೆಸಲೇಬೇಕು. ಅದಕ್ಕೆ ನನಗೆ ಸರಿಯೆನಿಸುವುದು ನಿಶ್ಚಿತ ಠೇವಣಿ ಇಟ್ಟು ಅದರ ಆಧಾರದ ಮೇಲೆ ಪಡೆಯುವ ಕ್ರೆಡಿಟ್ ಕಾರ್ಡ್. ಅಂಕ ಕಡಿಮೆಯಿದ್ದರೂ ಕೊಡುತ್ತಾರೆ, ಏಕೆಂದರೆ ನಿಮ್ಮ ಹಣ ಅವರ ಬಳಿ ಇದೆ. ಅದಕ್ಕಿಂತ ಮುಖ್ಯವಾಗಿ, ಎಡವಿದರೂ ಹೋಗುವುದು ಆ ಠೇವಣಿಯಷ್ಟೇ.

ಆರು ತಿಂಗಳ ಸ್ಟೇಟ್‌ಮೆಂಟಿನಲ್ಲಿ ಒಂದೂ ಪಣ ಕಾಣದಿದ್ದರೆ ಮಾತ್ರ ಈ ಹೆಜ್ಜೆ. ನಡುವೆ ಒಮ್ಮೆ ಜಾರಿದ್ದರೆ ಎಣಿಕೆ ಮತ್ತೆ ಒಂದರಿಂದ. ಕಾರ್ಡ್ ಬಂದ ಮೇಲೆ ಜಾರಿದರೆ ಬಾಕಿ ಕಟ್ಟಿ ಕಾರ್ಡನ್ನೇ ಮುಚ್ಚಿಸಿ. ಬಾಕಿ ಇಲ್ಲದ ಕಾರ್ಡನ್ನು ಮುಚ್ಚುವ ಕೋರಿಕೆಯನ್ನು ಬ್ಯಾಂಕು ಏಳು ಕೆಲಸದ ದಿನಗಳಲ್ಲಿ ಪೂರೈಸಬೇಕೆಂಬ ನಿಯಮವಿದೆ.

ತಮ್ಮನಿಗೆ ಅಕ್ಟೋಬರ್‌ನಲ್ಲಿ ಆಯುಧಪೂಜೆಯ ಬೋನಸ್ ಬಂದಿತ್ತು. ಲೆಕ್ಕದ ಹೊರಗೆ ಬರುವ ಇಂಥ ಹಣವೂ ಅಪಾಯದ್ದೇ. ಅದರಲ್ಲಿ 15,000 ಠೇವಣಿ ಇಟ್ಟ. 12,000 ಮಿತಿಯ ಕಾರ್ಡ್ ಸಿಕ್ಕಿತು. ತುರ್ತು ಹಣವನ್ನು ಇದಕ್ಕೆ ಇಡಬೇಡಿ, ಕಾರ್ಡ್ ಇರುವವರೆಗೆ ಆ ಠೇವಣಿ ಬ್ಯಾಂಕಿನ ಹಿಡಿತದಲ್ಲಿರುತ್ತದೆ. ಬಳಕೆ ಮಿತಿಯ ಮೂರನೆಯ ಒಂದು ಭಾಗ ದಾಟದಿದ್ದರೆ ಒಳ್ಳೆಯದು. ಅವನು ವಿದ್ಯುತ್, ಗ್ಯಾಸ್, ಫೋನ್ ಈ ಮೂರು ಬಿಲ್ಲುಗಳನ್ನು, ಸುಮಾರು 2,000 ರೂಪಾಯಿಯಷ್ಟನ್ನು, ಅದರಲ್ಲಿ ಕಟ್ಟುತ್ತಾನೆ. ಮನೆಯ ಲೆಕ್ಕದಲ್ಲಿ ಅದಕ್ಕೆ ಇಟ್ಟಿದ್ದ 2,000 ಕಾರ್ಡಿನ ಬಿಲ್ಲಿಗೆ ಹೋಗುತ್ತದೆ. ಬೇರೆ ಖರ್ಚಿಲ್ಲ. ಕಾರ್ಡ್ ಹೆಂಡತಿಯ ಬೀರುವಿನಲ್ಲಿದೆ. ವಿದೇಶಿ ವಹಿವಾಟು ಮತ್ತು ಎಟಿಎಂ ನಗದು ಎರಡೂ ಬಂದ್. ಕಾರ್ಡಿನಿಂದ ನಗದು ತೆಗೆದರೆ ಆ ದಿನದಿಂದಲೇ ಬಡ್ಡಿ ಓಡುತ್ತದೆ.

ಬಿಲ್ಲು ಹದಿನಾಲ್ಕಕ್ಕೆ ಸಿದ್ಧವಾಗಿ ಮುಂದಿನ ತಿಂಗಳ ಮೂರಕ್ಕೆ ಕಟ್ಟಬೇಕು. ತಾನಾಗಿ ಕಟ್ಟುವ ವ್ಯವಸ್ಥೆ ಮಾಡುವಾಗ ಪರದೆಯಲ್ಲಿ ಎರಡು ಆಯ್ಕೆ ಬರುತ್ತದೆ: `Total Amount Due` ಮತ್ತು `Minimum Amount Due`. ಮೊದಲನೆಯದನ್ನೇ ಆರಿಸಿ. ಕನಿಷ್ಠ ಮೊತ್ತ ಕಟ್ಟುತ್ತಾ ಹೋದರೆ ದಾಖಲೆಯಲ್ಲಿ ತಡ ಎಂದು ಬೀಳುವುದಿಲ್ಲ, ಆದರೆ ಉಳಿದದ್ದರ ಮೇಲೆ ತಿಂಗಳಿಗೆ ಮೂರರಿಂದ ಮೂರೂವರೆ ಶೇಕಡಾದಂತೆ ಬಡ್ಡಿ ಬೆಳೆಯುತ್ತದೆ. ತಮ್ಮನ ಹಳೆಯ 92,000 ಬೆಳೆದದ್ದೂ ಹೀಗೆಯೇ.

ಒಂಬತ್ತನೆಯ ತಿಂಗಳಲ್ಲಿ ಬರುವ ಕರೆ

ಡಿಸೆಂಬರ್‌ನ ಒಂದು ಸಂಜೆ ಅವನ ಹೆಂಡತಿ ಫೋನ್ ಮಾಡಿದಳು. “ಭಾವ, ಇವರ ಫೋನಿಗೆ ಒಂದೂವರೆ ಲಕ್ಷ ಮಂಜೂರಾಗಿದೆ ಎಂದು ಬಂದಿದೆ. ಇವರು ಏನೂ ಕೇಳಿಲ್ಲ ಎನ್ನುತ್ತಾರೆ. ನಿಜವೇ?” ನಿಜವೇ ಆಗಿತ್ತು. ಎರಡು ತಿಂಗಳು ಬಿಲ್ಲು ಸರಿಯಾಗಿ ಕಟ್ಟಿದ್ದನ್ನೂ ಸಂಬಳದ ಖಾತೆ ಹದವಾಗಿ ನಡೆದದ್ದನ್ನೂ ನೋಡಿ ಬ್ಯಾಂಕಿನ ಯಂತ್ರ ತಾನಾಗಿ ಕಳುಹಿಸಿದ ಆಹ್ವಾನ ಅದು. ಒಂದು ಗುಂಡಿ ಒತ್ತಿದರೆ ಹಣ ಖಾತೆಗೆ. ಚೇತರಿಕೆಯ ಹಾದಿಯಲ್ಲಿ ಇದಕ್ಕಿಂತ ಕಡಿದಾದ ತಿರುವು ಇನ್ನೊಂದಿಲ್ಲ ಎಂದು ನನ್ನ ಅನುಭವ. ಸಾಲ ಕೊಟ್ಟವರು ಬೆನ್ನು ಹತ್ತಿದ್ದಾಗ ಆಡದವನು ಈಗ ಆಡಬಲ್ಲ.

ಬಾಗಿಲನ್ನು ಮೊದಲೇ ಮುಚ್ಚಿ. ಸಾಲದ ಆಹ್ವಾನ ಬೇಡವೆಂದು ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. 1909ಕ್ಕೆ `START 0` ಎಂದು ಎಸ್‌ಎಂಎಸ್ ಕಳುಹಿಸಿದರೆ ಪ್ರಚಾರದ ಕರೆ ಮತ್ತು ಸಂದೇಶಗಳು ನಿಲ್ಲುತ್ತವೆ. ಕಾರ್ಡಿನ ಮಿತಿ ಏರಿಸುತ್ತೇವೆ ಎಂದರೆ ಬೇಡವೆನ್ನಿ. ನಿಮ್ಮ ಒಪ್ಪಿಗೆ ಇಲ್ಲದೆ ಏರಿಸುವಂತಿಲ್ಲ. ಗೆಳೆಯನ ಸಾಲಕ್ಕೆ ಜಾಮೀನು ಸಹಿಯೂ ಬೇಡ. ಅದು ನಿಮ್ಮ ವರದಿಯಲ್ಲೂ ಬರುತ್ತದೆ, ಅವನು ತಪ್ಪಿದರೆ ನಿಮ್ಮ ಹೆಸರಿಗೂ ಮಸಿ.

ವರದಿಯ ಕೊನೆಯಲ್ಲಿ `Enquiries` ಎಂಬ ಪುಟವಿದೆ. ಯಾವ ಸಂಸ್ಥೆ ಯಾವ ದಿನ, ಎಷ್ಟು ಸಾಲಕ್ಕಾಗಿ ನಿಮ್ಮ ದಾಖಲೆ ತೆಗೆದು ನೋಡಿತು ಎಂಬುದು ಅಲ್ಲಿ ಬರುತ್ತದೆ. ಹೆಚ್ಚಿನವರು ಆ ಪುಟ ನೋಡುವುದೇ ಇಲ್ಲ. ಜೂಜಿನ ಮನೆಯಲ್ಲಿ ನೋಡಬೇಕಾದ ಮೊದಲ ಪುಟವೇ ಅದು. ಗುಟ್ಟಾಗಿ ಸಾಲಕ್ಕೆ ಅರ್ಜಿ ಹಾಕಿದರೆ, ಸಾಲ ಸಿಗದಿದ್ದರೂ, ಅಲ್ಲಿ ಗುರುತು ಉಳಿಯುತ್ತದೆ. ನಾಲ್ಕು ಸಂಸ್ಥೆಗಳ ಉಚಿತ ವರದಿಗಳನ್ನು ಮೊದಲ ವರ್ಷ ಒಂದೇ ಸಲ ತೆಗೆಯಬೇಕಾಯಿತು. ಹೊಸ ವರ್ಷದಿಂದ ಮೂರು ತಿಂಗಳಿಗೊಂದರಂತೆ ತೆಗೆದರೆ ವರ್ಷವಿಡೀ ಕಾವಲು ಸಿಗುತ್ತದೆ. ಯಾರಾದರೂ ದಾಖಲೆ ತೆಗೆದಾಗ ಎಸ್‌ಎಂಎಸ್ ಅಥವಾ ಇ-ಮೇಲ್ ಎಚ್ಚರಿಕೆ ಬರುವ ವ್ಯವಸ್ಥೆಯೂ ಇದೆ. ತಮ್ಮ ತಾನೇ ಮುಂದಾಗಿ, ಹೆಂಡತಿಯೂ ನೋಡುವ ಇ-ಮೇಲ್ ವಿಳಾಸವನ್ನು ಅಲ್ಲಿ ಕೊಟ್ಟ.

ಹದಿಮೂರನೆಯ ತಿಂಗಳು: ಬಿಟ್ಟುಕೊಟ್ಟ 37,000

ಈಗ ಆ ಆರ್‌ಡಿಯ ವಿಷಯ. ಕಾರ್ಡ್ ಬ್ಯಾಂಕು ಬಿಟ್ಟುಕೊಟ್ಟಿದ್ದು 37,000. ಕಾನೂನಿನಂತೆ ಅದನ್ನು ಈಗ ಕಟ್ಟಬೇಕಾಗಿಲ್ಲ. ಆದರೆ `Settled` ಎಂಬ ಪದ ಇರುವವರೆಗೆ ಗೃಹಸಾಲದ ಮೇಜಿನಲ್ಲಿ ಅರ್ಜಿ ಮುಂದಕ್ಕೆ ಹೋಗುವುದು ಕಷ್ಟ. ಆ ಮೇಜಿನಲ್ಲಿ ಕುಳಿತವನಾಗಿ ಹೇಳುತ್ತಿದ್ದೇನೆ. ಎರಡು ಮೂರು ವರ್ಷಗಳಲ್ಲಿ ಮನೆಯ ಯೋಚನೆ ಇದ್ದರೆ ಕಟ್ಟಿಬಿಡುವುದು ಲೇಸು. ಇಲ್ಲದಿದ್ದರೆ ತುರ್ತು ಹಣ ಕೂಡುವವರೆಗೆ ಇದಕ್ಕೆ ಅವಸರವಿಲ್ಲ. ಇದಕ್ಕಾಗಿ ಹೊಸ ಸಾಲವಂತೂ ಬೇಡ.

ತಿಂಗಳಿಗೆ 3,000ದಂತೆ ಹನ್ನೆರಡು ಕಂತು, ಬಡ್ಡಿ ಸೇರಿ 37,000 ದಾಟಿತು. ಹಣ ಕಟ್ಟುವ ಮೊದಲು ಬ್ಯಾಂಕಿಗೆ ಪತ್ರ ಬರೆದು ಕೇಳಿದೆವು: ಅಂದು ಬಿಟ್ಟ ಮೊತ್ತವನ್ನು ಕಟ್ಟಲು ಸಿದ್ಧ, ಅದಕ್ಕೆ ಹೊಸ ಬಡ್ಡಿ ಇಲ್ಲವೆಂದೂ, ಕಟ್ಟಿದ ಮೇಲೆ ಸ್ಥಿತಿಯನ್ನು `Closed` ಎಂದು ಕಳುಹಿಸುತ್ತೇವೆಂದೂ ಬರೆದುಕೊಡಿ. ಶಾಖೆಯವರು ಬಾಯಿಮಾತಿನಲ್ಲಿ ಆಗಲಿ ಎಂದರು. ಬಾಯಿಮಾತಿಗೆ ಕಟ್ಟಬೇಡಿ. ಐದು ವಾರ ಹಿಡಿಯಿತು, ಎರಡು ಸಲ ನೆನಪೋಲೆ ಬೇಕಾಯಿತು, ಪತ್ರ ಬಂತು. ಆ ಬಳಿಕ ಕಾರ್ಡಿನ ಖಾತೆ ಸಂಖ್ಯೆಗೇ ನೇರವಾಗಿ ಕಟ್ಟಿದೆವು, ಯಾವ ಮಧ್ಯವರ್ತಿಗೂ ಅಲ್ಲ. ಬಾಕಿರಹಿತ ಪತ್ರ ಕಡತಕ್ಕೆ ಸೇರಿತು. ಹದಿನೈದನೆಯ ತಿಂಗಳ ವರದಿಯಲ್ಲಿ ಪದ ಬದಲಾಗಿತ್ತು, ಅಂಕ 702. ಹದಿನೆಂಟನೆಯ ತಿಂಗಳಿಗೆ 718. ಬೇರೆಯವರ ಅಂಕ ಇದೇ ವೇಗದಲ್ಲಿ ಏರುತ್ತದೆ ಎಂದುಕೊಳ್ಳಬೇಡಿ. ಸಾಲ `Written-off` ಆಗಿದ್ದವರಿಗೆ, ಎರಡು ಮೂರು ಕಡೆ ಇತ್ಯರ್ಥ ಮಾಡಿಕೊಂಡವರಿಗೆ ಇನ್ನೂ ಹೆಚ್ಚು ಕಾಲ ಬೇಕು.

ಮುಚ್ಚಿದ ಖಾತೆಗಳ ಹಳೆಯ 30, 60ಗಳು ಅಳಿಸಿಹೋಗುವುದಿಲ್ಲ. ಹಳೆಯದಾಗುತ್ತವೆ, ಅಷ್ಟೇ. ಸಾಲ ಕೊಡುವವರು ಹೆಚ್ಚು ತೂಕ ಕೊಡುವುದು ಕಳೆದ ಒಂದೆರಡು ವರ್ಷಗಳ ನಡವಳಿಕೆಗೆ. ಅದಕ್ಕೇ ತಮ್ಮ ಮನೆಸಾಲದ ಮಾತೆತ್ತಿದಾಗ, ಕಾರ್ಡಿನ ತಿಂಗಳ ಮನೆಗಳಲ್ಲಿ ಇಪ್ಪತ್ತನಾಲ್ಕು `000` ತುಂಬಲಿ, ಅರ್ಜಿಯನ್ನು ಒಂದೇ ಒಂದು ಬ್ಯಾಂಕಿಗೆ ಹಾಕೋಣ ಎಂದೆ. ಅವನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಇಪ್ಪತ್ತನಾಲ್ಕು ಮನೆ ಗೀಚಿ, ತುಂಬಿದ ಹನ್ನೊಂದಕ್ಕೆ ಸೊನ್ನೆ ಬರೆದ. ಅವನ ಹೆಂಡತಿ ಪಕ್ಕದಲ್ಲಿ ತನ್ನ ಲೆಕ್ಕ ಬರೆದಳು: ತಿಂಗಳಿಗೆ ನಾಲ್ಕು ಸಾವಿರದಂತೆ ಹದಿನೆಂಟು ತಿಂಗಳು, ಎಪ್ಪತ್ತೆರಡು ಸಾವಿರ. ಅಂಗಡಿಯಲ್ಲಿ ವಿಚಾರಿಸಿ ಬಂದಿದ್ದಳು. ಒಂದು ಬಳೆಯ ಹಣಕ್ಕೆ ಇನ್ನೂ ಸ್ವಲ್ಪ ಕಡಿಮೆಯಿತ್ತು.